ಕೇಸ್ ಸ್ಟಡಿಗೆ ಎರಡು ಪುಟ ಥಿಯರಿ, 10ಕ್ಕೆ 3

ಎಂಬಿಎ ವಿದ್ಯಾರ್ಥಿ: ಮೇಡಂ, ಕೇಸ್ ಇದು. ಒಂದು ಗಾರ್ಮೆಂಟ್ಸ್‌ನಲ್ಲಿ ಟಾರ್ಗೆಟ್‌ಗಿಂತ 10% ಜಾಸ್ತಿ ಹೊಲಿದರೆ 1,500 ರೂಪಾಯಿ ಬೋನಸ್. ಆದರೂ ಉತ್ಪಾದನೆ ಏರಲಿಲ್ಲ. ಕಟಿಂಗ್‌ನಿಂದ ಬಟ್ಟೆ ತಡವಾಗಿ ಬರುತ್ತೆ, ಹೋದ ಸಲದ ಬೋನಸ್ ಮೂರು ತಿಂಗಳು ತಡ, ಹೆಂಗಸರು 5.30ರ ಬಸ್ ಹಿಡಿಯಬೇಕು. ಕಾರಣ, ಪರಿಹಾರ ಕೇಳಿದ್ದರು. ಮನುಷ್ಯನ ಅಗತ್ಯಗಳನ್ನು ಮೆಟ್ಟಿಲಾಗಿ ಜೋಡಿಸೋ ಮಾಸ್ಲೋ ಥಿಯರಿ ಬರೆದೆ, 3 ಬಂತು. ಎಲ್ಲಿ ತಪ್ಪಿದೆ?

ಸೀನಿಯರ್: ಶಕ್ತಿ, ದೌರ್ಬಲ್ಯ, ಅವಕಾಶ, ಅಪಾಯ ಅಂತ ಸ್ವಾಟ್ ಟೇಬಲ್ ಹಾಕು, ತಲೆಬರಹ ಕೊಡು. ಎಲ್ಲ ಕೇಸಿಗೂ ನಡೆಯುತ್ತೆ.

ಲೈನ್ ಸೂಪರ್‌ವೈಸರ್: ಬೋನಸ್ ತಡ ಮಾಡಿದರೆ ಲೇಬರ್ ಆಫೀಸಿಗೆ ದೂರು ಕೊಡಿಮ್ಮ.

ವಿದ್ಯಾರ್ಥಿ: ಅಣ್ಣಾ, ಇದು ಪರೀಕ್ಷೆ ಪ್ರಶ್ನೆ 😀

ಉಪನ್ಯಾಸಕಿ: ತಲೆಬರಹ ಸರಿ. ಸ್ವಾಟ್ ಇಲ್ಲಿ ಸುಮ್ನೆ ಜಾಗ ತುಂಬಿಸುತ್ತೆ ಅಷ್ಟೇ. ಮೊದಲು ಥಿಯರಿ ಮರೆತು ಕೇಸ್‌ನ ಸಂಗತಿಗಳಿಗೆ ಅಡಿಗೆರೆ ಎಳೆಯಿರಿ. ಬಟ್ಟೆ, ಬೋನಸ್, ಬಸ್. ಆಮೇಲೆ ಮೂರನ್ನೂ ಹಿಡಿಯೋ ಥಿಯರಿ ಯಾವುದು ನೋಡಿ. ಮಾಸ್ಲೋ ಕೈಗೆ ಕಟಿಂಗ್ ತಡ ಸಿಗಲ್ಲ, ವ್ರೂಮ್‌ನ ಎಕ್ಸ್‌ಪೆಕ್ಟೆನ್ಸಿ ಥಿಯರಿಗೆ ಮೂರೂ ಸಿಗುತ್ತವೆ. ಜನ ಎಷ್ಟು ಉತ್ಸಾಹದಿಂದ ದುಡಿಯುತ್ತಾರೆ ಅಂತ ಅದು ಹೇಳುತ್ತೆ. ಕಷ್ಟಪಟ್ಟರೆ ಟಾರ್ಗೆಟ್ ದಾಟಬಹುದು ಅನ್ನೋ ನಂಬಿಕೆ ಅಂದರೆ ಎಕ್ಸ್‌ಪೆಕ್ಟೆನ್ಸಿ, ದಾಟಿದರೆ ದುಡ್ಡು ಬರುತ್ತೆ ಅನ್ನೋ ನಂಬಿಕೆ, ಆ ದುಡ್ಡಿಗೆ ಅವರು ಕೊಡೋ ಬೆಲೆ, ಈ ಮೂರನ್ನು ಗುಣಿಸಬೇಕು, ಕೂಡಬಾರದು. ಒಂದು ಸೊನ್ನೆಯಾದರೆ ಎಲ್ಲ ಸೊನ್ನೆ. ಅದಕ್ಕೇ 'ಬೋನಸ್ 3,000 ಮಾಡಿ' ಅಂತ ಬರೆದವರು ಎಡವುತ್ತಾರೆ.

ಥಿಯರಿಗೆ ನಾಲ್ಕು ಸಾಲು ಸಾಕು. ಉಳಿದದ್ದು ಹೀಗಿರಲಿ: 'ಬಟ್ಟೆ ತಡವಾಗುವುದರಿಂದ ಎಷ್ಟು ಕಷ್ಟಪಟ್ಟರೂ ಪೀಸ್ ಹೆಚ್ಚಾಗುವುದಿಲ್ಲ. ಹೀಗಾಗಿ ಎಕ್ಸ್‌ಪೆಕ್ಟೆನ್ಸಿ ಕಡಿಮೆ. ಕಟಿಂಗ್‌ನವರು ಬಂಡಲ್‌ಗಳನ್ನು ಹಿಂದಿನ ಸಂಜೆಯೇ ಕೊಡಬೇಕು.' ಸಂಗತಿ, ಅದು ಥಿಯರಿಯಲ್ಲಿ ಎಲ್ಲಿ ಕೂರುತ್ತೆ, ಅದಕ್ಕೇ ಹೊಂದೋ ಪರಿಹಾರ. ಬೋನಸ್‌ಗೂ ಹಾಗೇ ಬರೆಯಿರಿ. ಬಸ್ ವಿಷಯದಲ್ಲಿ ಮಾತ್ರ ಹುಷಾರು. ಹೆಂಗಸರಿಗೆ ದುಡ್ಡು ಬೇಡ ಅಂತ ಕೇಸ್ ಹೇಳಿಲ್ಲ. ಹೊತ್ತು ಮೀರಿ ನಿಂತರೆ ಬಸ್ ತಪ್ಪುತ್ತೆ, ಆ ನಷ್ಟದ ಮುಂದೆ 1,500ರ ಬೆಲೆ ಇಳಿಯುತ್ತೆ, ಅಷ್ಟೇ ಬರೆಯಿರಿ.

ಬರೆದ ಪ್ಯಾರಾ ಬೇರೆ ಕೇಸಿಗೆ ಅಂಟಿಸಿದರೂ ಹೊಂದುತ್ತಾ? ಹಾಗಾದರೆ ಅದಕ್ಕೆ ಮಾರ್ಕ್ಸ್ ಇಲ್ಲ. ನಿಮ್ಮ ಎರಡು ಪುಟದ ಕಥೆ ಅದೇ ಇರಬೇಕು.

ಲೈನ್ ಸೂಪರ್‌ವೈಸರ್: ಮೇಡಂ, ನಮ್ಮ ಲೈನ್‌ನಲ್ಲಿ ಕಾಲರ್ ಹೊಲಿಯುವವರು ನಿಂತರೆ ಮುಂದಿನವರೆಲ್ಲ ಕೈಕಟ್ಟಿ ಕೂರಬೇಕು. ಒಬ್ಬೊಬ್ಬರಿಗೇ ಬೋನಸ್ ಇಟ್ಟರೆ ಏನು ಬಂತು?

ಉಪನ್ಯಾಸಕಿ: ಇದು ನನಗೆ ಹೊಳೆದಿರಲಿಲ್ಲ! ಬೋನಸ್ ಒಬ್ಬರಿಗೋ ಇಡೀ ಲೈನ್‌ಗೋ ಅಂತ ಕೇಸ್‌ನಲ್ಲಿ ಇಲ್ಲ. 'ಒಬ್ಬೊಬ್ಬರಿಗೆ ಎಂದು ಭಾವಿಸಿದ್ದೇನೆ' ಅಂತ ಒಂದು ಸಾಲು ಹಾಕಿ, ಆಮೇಲೆ ಲೈನ್ ಬೋನಸ್ ಸೂಚಿಸಬಹುದು.

ವಿದ್ಯಾರ್ಥಿ: ಊಹಿಸಿದರೆ ಮಾರ್ಕ್ಸ್ ಕಟ್ ಆಗಲ್ವಾ?

ಉಪನ್ಯಾಸಕಿ: ಊಹೆ ಅಂತ ಬರೆದಿದ್ದರೆ ನಾನು ಕಟ್ ಮಾಡಲ್ಲ. ಪಕ್ಕದ ಟೇಬಲ್‌ನವರು ಮಾಡ್ತಾರೆ. ಇದರ ಬಗ್ಗೆ ನಮ್ಮಲ್ಲೇ ಜಗಳ ಇದೆ.