ಸಿ ಶಿಫ್ಟ್‌ನವರಿಗೆ ಸನ್ಮಾನ ಮಾಡಬೇಕು, ಹೇಗೆ ಮಾಡೋಣ?

ನರಸಾಪುರ ಶಾಪ್ ಇನ್‌ಚಾರ್ಜ್: ನಮ್ಮದು ಕೋಲಾರದ ಹತ್ತಿರ ಗಾಡಿ ಬಿಡಿಭಾಗ ಮಾಡುವ ಫ್ಯಾಕ್ಟರಿ. ಸಿ ಶಿಫ್ಟ್‌ನವರು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ದುಡಿಯುತ್ತಾರೆ. ಅವರ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಮುಂದಿನ ಶನಿವಾರ ಬೆಳಿಗ್ಗೆ 11ಕ್ಕೆ ಶಾಲು ಹೊದಿಸಿ, ಊಟ ಹಾಕಿಸಿ ಸನ್ಮಾನ ಮಾಡೋಣ ಅಂತ ಇದ್ದೇವೆ. ಬೇರೇನಾದರೂ ಮಾಡಬಹುದಾ, ಹೇಳಿ.

ಅಂತರಗಂಗೆ: ಸಾರ್, ಈ ಯೋಚನೆ ಬಂದಿದ್ದಕ್ಕೇ ನಿಮಗೆ ನಮಸ್ಕಾರ. ಮೆಷಿನ್ ಶಾಪಿನಲ್ಲಿ ನನಗೆ 14 ವರ್ಷ ಆಯಿತು. ಮೂರು ವಾರಕ್ಕೊಮ್ಮೆ ಸಿ ಶಿಫ್ಟ್ ಬರುತ್ತದೆ. ಬೆಳಿಗ್ಗೆ 11 ಮಾತ್ರ ಬೇಡ. 6ಕ್ಕೆ ಪಂಚ್ ಮಾಡಿ, ಬಸ್ ಹಿಡಿದು, ಊರು ಸೇರಿ, ಸ್ನಾನ ಮಾಡಿ ಮಲಗುವ ಹೊತ್ತಿಗೆ 8 ದಾಟಿರುತ್ತದೆ. 11 ಅಂದರೆ ನಿದ್ದೆ ಗಟ್ಟಿಯಾಗಿರುವ ಹೊತ್ತು. ಶಾಲು ಹೊದಿಸಿಕೊಳ್ಳೋಕೆ ಎದ್ದು ಬಂದರೆ ಅವತ್ತು ರಾತ್ರಿ ಅದೇ ಹುಡುಗ ಮೆಷಿನ್ ಮುಂದೆ ತೂಕಡಿಸುತ್ತಾನೆ.

ಊಟ ಹಾಕಿಸುವುದಾದರೆ ರಾತ್ರಿ 2 ಗಂಟೆಯ ಬಿಡುವಿನಲ್ಲಿ ಹಾಕಿಸಿ. ಬಿಸಿಯಾಗಿರಲಿ. ಬಿ ಶಿಫ್ಟ್‌ನಲ್ಲಿ ಉಳಿದ ಅನ್ನ, ತಣ್ಣಗಾದ ಸಾರು ನಮ್ಮ ಪಾಲಿಗೆ ಬರುವುದು ಹೊಸದಲ್ಲ. ನೀವೂ ಅಲ್ಲೇ ಕೂತು ಊಟ ಮಾಡಿ.

ಶಾಲಿಗಿಂತ ದೊಡ್ಡದು ಒಂದಿದೆ. ನಿಮ್ಮ ಶಿಫ್ಟ್ ಚಾರ್ಟ್ ಒಮ್ಮೆ ತೆಗೆದು ನೋಡಿ. ಸಿ ವಾರ ಮುಗಿಸಿದವರು ಮುಂದಿನ ವಾರ ಯಾವ ಶಿಫ್ಟ್‌ಗೆ ಬರುತ್ತಾರೆ?

ನರಸಾಪುರ ಶಾಪ್ ಇನ್‌ಚಾರ್ಜ್: ಎ, ಬಿ, ಸಿ, ಮತ್ತೆ ಎ. ಸೋಮವಾರದಿಂದ ಶನಿವಾರ. ಭಾನುವಾರ ಎಲ್ಲರಿಗೂ ರಜೆ.

ಅಂತರಗಂಗೆ: ನೋಡಿ, ನಿಮ್ಮ ಚಾರ್ಟಿನಲ್ಲಿ ಆ ಭಾನುವಾರ ಎಲ್ಲರಿಗೂ ಒಂದೇ ಥರ ಕಾಣುತ್ತದೆ. ಗಂಟೆ ಎಣಿಸೋಣ. ಎ ವಾರದವರು ಶನಿವಾರ ಮಧ್ಯಾಹ್ನ 2ಕ್ಕೆ ಮನೆಗೆ ಹೋಗುತ್ತಾರೆ, ಸೋಮವಾರ ಮಧ್ಯಾಹ್ನ 2ಕ್ಕೆ ಬಿ ಶಿಫ್ಟ್‌ಗೆ ಬರುತ್ತಾರೆ. 48 ಗಂಟೆ. ಬಿ ವಾರದವರು ಶನಿವಾರ ರಾತ್ರಿ 10ಕ್ಕೆ ಹೋಗಿ ಸೋಮವಾರ ರಾತ್ರಿ 10ಕ್ಕೆ ಬರುತ್ತಾರೆ. ಅವರಿಗೂ 48. ಸಿ ವಾರದವರು ಶನಿವಾರ ರಾತ್ರಿ ಒಳಗೆ ಹೋದರೆ ಹೊರಗೆ ಬರುವುದು ಭಾನುವಾರ ಬೆಳಿಗ್ಗೆ 6ಕ್ಕೆ. ಸೋಮವಾರ ಬೆಳಿಗ್ಗೆ 6ಕ್ಕೆ ಎ ಶಿಫ್ಟ್. ಅವರ ಪಾಲಿಗೆ 24 ಮಾತ್ರ. ಆರು ರಾತ್ರಿ ನಿದ್ದೆಗೆಟ್ಟವರಿಗೇ ಅರ್ಧ ರಜೆ ಸಿಗುತ್ತಿದೆ.

ಆ 24 ಗಂಟೆಯಲ್ಲಿ ನಾನು ಮಾಡುವುದು ಇಷ್ಟು. ಭಾನುವಾರ 8ಕ್ಕೆ ಮಲಗಿ 1ಕ್ಕೆ ಏಳುತ್ತೇನೆ. ಊಟ, ಮಕ್ಕಳು, ಸಂಜೆ ಅಂಗಡಿ. 9ಕ್ಕೆ ಹಾಸಿಗೆಗೆ ಹೋದರೆ ನಿದ್ದೆ ಹತ್ತುವುದಿಲ್ಲ. ಆ ಹೊತ್ತಿಗೆ ಕೆಲಸಕ್ಕೆ ಹೊರಡುವುದು ಮೈಗೆ ರೂಢಿಯಾಗಿಬಿಟ್ಟಿರುತ್ತದೆ. 12, 1 ಗಂಟೆ ಆಗುತ್ತದೆ. ಬಸ್ಸಿಗೋಸ್ಕರ 4ಕ್ಕೆ ಏಳಬೇಕು. ಸೋಮವಾರದ ಎ ಶಿಫ್ಟ್ ಮೂರು ಗಂಟೆ ನಿದ್ದೆಯಲ್ಲಿ ಶುರುವಾಗುತ್ತದೆ.

ಮಾಲೂರು ಗೆಳೆಯ: ಇದು ಕಾನೂನಿಗೆ ವಿರುದ್ಧ ಅಲ್ವಾ? ವಾರಕ್ಕೊಂದು ಪೂರ್ತಿ ದಿನ ರಜೆ ಕೊಡಲೇಬೇಕು. ಅಷ್ಟೇ ಅಲ್ಲ, ರಾತ್ರಿ ಕೆಲಸಕ್ಕೆ ಡಬಲ್ ಸಂಬಳ ಅಂತ ಕಾಯ್ದೆಯಲ್ಲೇ ಇದೆ. ಸುಮ್ನೆ ಶಾಲು ಕೊಟ್ಟು ಸಮಾಧಾನ ಮಾಡಬೇಡಿ.

ಅಂತರಗಂಗೆ: ಪೂರ್ತಿ ದಿನ ಕೊಡಬೇಕು ಅನ್ನುವುದು ನಿಜ. ಆದರೆ ನಡುರಾತ್ರಿ ದಾಟುವ ಶಿಫ್ಟ್‌ಗೆ ದಿನ ಅಂದರೆ ಏನು ಅಂತ 1948ರ ಕಾರ್ಖಾನೆ ಕಾಯ್ದೆಯ 57ನೇ ಸೆಕ್ಷನ್ನಿನಲ್ಲಿ ಬರೆದಿದ್ದರು. ಶಿಫ್ಟ್ ಮುಗಿದ ಹೊತ್ತಿನಿಂದ ಸತತ 24 ಗಂಟೆ. 2020ರ ಹೊಸ ಕಾರ್ಮಿಕ ಸಂಹಿತೆಯಲ್ಲೂ ಆ ಮಾತು ಉಳಿದಿದೆ. ಹಾಗಾಗಿ ಇವರ ಚಾರ್ಟು ಕಾನೂನಿನ ಪ್ರಕಾರ ಸರಿಯಾಗೇ ಇದೆ. ನನ್ನ ಸಂಕಟ ಅದೇ. ಕಾನೂನು ಗಂಟೆ ಎಣಿಸುತ್ತದೆ, ಅದರಲ್ಲಿ ಒಂದು ಒಳ್ಳೆಯ ರಾತ್ರಿ ಇದೆಯಾ ಅಂತ ನೋಡುವುದಿಲ್ಲ.

ಡಬಲ್ ಸಂಬಳ ಇರುವುದು ಓವರ್‌ಟೈಮ್‌ಗೆ, ರಾತ್ರಿ ಪಾಳಿಗಲ್ಲ. ಹಳೇ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ಮೀರಿದರೆ ಡಬಲ್. ನೈಟ್ ಅಲೋಯನ್ಸ್ ಕಾಯ್ದೆಯಿಂದ ಬರುವುದಲ್ಲ. ಯೂನಿಯನ್ ಒಪ್ಪಂದದಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಕಂಪನಿಯ ಮನಸ್ಸು.

ಮಾಲೂರು ಗೆಳೆಯ: ಅಲೋಯನ್ಸ್ ವಿಷಯ ಒಪ್ಪಿಕೊಂಡೆ ಅಣ್ಣಾ. ಆದರೂ ದುಡ್ಡೇ ಮೊದಲು ಅಂತ ನನ್ನ ಮಾತು. ಕಾಂಟ್ರ್ಯಾಕ್ಟ್ ಹುಡುಗರಿಗೆ ಅಲೋಯನ್ಸೂ ಇರುವುದಿಲ್ಲ, ಅದನ್ನ ಮೊದಲು ಸರಿ ಮಾಡಿ.

ಶಿಡ್ಲಘಟ್ಟದ ಹುಡುಗಿ: ನಾನು ಬೆಂಗಳೂರಲ್ಲಿ ಅಮೆರಿಕದ ಕಾಲ್ ತೆಗೆದುಕೊಳ್ಳುವ ಕೆಲಸದಲ್ಲಿದ್ದೇನೆ. ನಮಗೆ ಶಿಫ್ಟ್ ಬದಲಾಗುವುದೇ ಇಲ್ಲ, ವರ್ಷಪೂರ್ತಿ ರಾತ್ರಿಯೇ. ಮಾರ್ಚ್‌ನಲ್ಲಿ ಅವರು ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸುತ್ತಾರೆ, ನಮ್ಮ ಲಾಗಿನ್ 7.30 ಇದ್ದದ್ದು 6.30 ಆಗುತ್ತದೆ. ನವೆಂಬರ್‌ನಲ್ಲಿ ಮತ್ತೆ 7.30. ಮನೆಯಲ್ಲಿ ಯಾರಿಗೂ ಇದು ಅರ್ಥವಾಗುವುದಿಲ್ಲ. ಊರಿಗೆ ಬಂದರೆ ಅಜ್ಜಿ "ಹೊತ್ತು ಮೇಲೆ ಬಂದಿದೆ, ಇನ್ನೂ ಮಲಗಿದ್ದೀಯಲ್ಲೇ" ಅಂತ ಎಬ್ಬಿಸುತ್ತಾರೆ. ಸಾರ್, ನಮ್ಮಂಥವರಿಗೂ ಒಂದು ಸನ್ಮಾನ ಇಟ್ಟುಕೊಳ್ಳಿ.

ಬಂಗಾರಪೇಟೆ ಮನೆಯವರು: ತಂಗಿ, ಸಾರ್ ಕೇಳಿದ್ದು ಅವರ ಫ್ಯಾಕ್ಟರಿ ವಿಷಯ. ಆದರೆ ನಿನ್ನ ಅಜ್ಜಿ ಮಾತು ಕೇಳಿ ನಮ್ಮ ಮನೆ ನೆನಪಾಯಿತು. ನಮ್ಮ ಯಜಮಾನರು ಸಿ ಶಿಫ್ಟ್ ಇದ್ದಾಗ ಕಿಟಕಿಗೆ ಹಳೇ ಕಂಬಳಿ ಮೊಳೆ ಹೊಡೆದು ಕಟ್ಟುತ್ತೇನೆ. ಕುಕ್ಕರ್ ಇಡುವುದಿಲ್ಲ, ಪಾತ್ರೆಯಲ್ಲೇ ಬೇಳೆ ಬೇಯಿಸುತ್ತೇನೆ. ಟೊಮೇಟೊ, ಈರುಳ್ಳಿ ಮಾರುವ ಆಟೋದವನು ಮೈಕ್ ಹಾಕಿಕೊಂಡು ಬಂದರೆ ಬೀದಿಯ ತುದಿಗೇ ಓಡಿಹೋಗಿ, ನಮ್ಮ ಮನೆ ದಾಟುವ ತನಕ ನಿಲ್ಲಿಸಪ್ಪಾ ಅನ್ನುತ್ತೇನೆ. ಈಗ ಅವನೇ ನಿಲ್ಲಿಸುತ್ತಾನೆ. ಸನ್ಮಾನಕ್ಕೆ ಮನೆಯವರನ್ನು ಕರೆಯದಿದ್ದರೂ ಪರವಾಗಿಲ್ಲ. ಅಂತರಗಂಗೆಯವರು ಹೇಳಿದ ಆ ಭಾನುವಾರ ಸರಿ ಮಾಡಿಕೊಡಿ. ಆ ಸೋಮವಾರ ಇವರು ಬೈಕಿನಲ್ಲಿ ಹೋದರೆ ಫೋನ್ ಬರುವ ತನಕ ನನಗೆ ಕೈ ಕಾಲು ಆಡುವುದಿಲ್ಲ.

ನರಸಾಪುರ ಶಾಪ್ ಇನ್‌ಚಾರ್ಜ್: ಅಕ್ಕಾ, ಓದಿ ಮನಸ್ಸಿಗೆ ತುಂಬಾ ತಟ್ಟಿತು. ಈ ಲೆಕ್ಕವನ್ನು ನಾನು ಯಾವತ್ತೂ ಹಾಕಿ ನೋಡಿರಲಿಲ್ಲ. ಅಂತರಗಂಗೆಯವರೇ, ಉತ್ಪಾದನೆ ಕಡಿಮೆ ಮಾಡುವ ಅಧಿಕಾರ ನನಗಿಲ್ಲ. ಶನಿವಾರದ ಸಿ ಶಿಫ್ಟ್ ತೆಗೆಯೋಕೆ ಆಗುವುದಿಲ್ಲ.

ಅಂತರಗಂಗೆ: ತೆಗೆಯಬೇಡಿ, ಸರಿಸಿ. ಸಿ ವಾರ ಸೋಮವಾರ ರಾತ್ರಿ ಶುರುವಾಗುವ ಬದಲು ಭಾನುವಾರ ರಾತ್ರಿ 10ಕ್ಕೆ ಶುರುವಾಗಲಿ. ಕೊನೆಯ ರಾತ್ರಿ ಶುಕ್ರವಾರ. ಒಟ್ಟು ಆರೇ ರಾತ್ರಿ, 48 ಗಂಟೆಯೇ, ಒಂದು ಪೀಸೂ ಕಡಿಮೆಯಾಗುವುದಿಲ್ಲ. ಆಗ ಅವರು ಶನಿವಾರ ಬೆಳಿಗ್ಗೆ 6ಕ್ಕೆ ಹೊರಗೆ ಬಂದರೆ ಸೋಮವಾರ 6ಕ್ಕೆ ವಾಪಸ್. 48 ಗಂಟೆ ಸಿಕ್ಕಿತು, ನಡುವೆ ಎರಡು ರಾತ್ರಿ ಮನೆಯಲ್ಲಿ.

ಕಷ್ಟ ಎಲ್ಲಿಗೆ ಹೋಗುತ್ತದೆ ಅಂತಲೂ ಹೇಳಬೇಕು. ಬಿ ವಾರ ಮುಗಿಸಿದವರು ಶನಿವಾರ ರಾತ್ರಿ 10ಕ್ಕೆ ಹೋಗಿ ಭಾನುವಾರ ರಾತ್ರಿ 10ಕ್ಕೆ ಬರಬೇಕಾಗುತ್ತದೆ. 24 ಗಂಟೆಯ ಗಂಟು ಅವರ ಪಾಲಿಗೆ ಬಂತು. ಆದರೆ ಆ 24ರಲ್ಲಿ ಶನಿವಾರ ರಾತ್ರಿಯ ಪೂರ್ತಿ ನಿದ್ದೆ ಇದೆ, ಭಾನುವಾರ ಹಗಲು ಮನೆಯವರ ಜೊತೆ ಇದೆ. ನಿದ್ದೆಗೆಟ್ಟು ಬಂದವರಲ್ಲ ಅವರು. ಎರಡೂ 24ನ್ನು ನಾನು ಅನುಭವಿಸಿ ನೋಡಿದ್ದೇನೆ. ಭೂಮಿ ಆಕಾಶದ ವ್ಯತ್ಯಾಸ.

ಸ್ಪ್ಯಾನರ್ 17: ನಾನು ಮೇಂಟೆನೆನ್ಸ್‌ನವನು. ಇಲ್ಲಿ ನಮ್ಮನ್ನು ಎಲ್ಲರೂ ಮರೆತಿದ್ದೀರಿ. ಈಗ ಮೆಷಿನ್ ನಿಲ್ಲುವುದು ಭಾನುವಾರ ಬೆಳಿಗ್ಗೆ 6ರಿಂದ ಸೋಮವಾರ 6ರವರೆಗೆ. ಕೂಲೆಂಟ್ ಟ್ಯಾಂಕ್ ತೊಳೆಯುವುದು, ಸ್ಪಿಂಡಲ್ ನೋಡುವುದು, ಎಲ್ಲ ಹಗಲಲ್ಲಿ ಮುಗಿಸಿ ಸಂಜೆಗೆ ಮನೆಗೆ ಹೋಗುತ್ತೇವೆ. ನಿಮ್ಮ ಹೊಸ ಚಾರ್ಟಿನಲ್ಲಿ ಮೆಷಿನ್ ಶನಿವಾರ ರಾತ್ರಿ 10ಕ್ಕೆ ನಿಂತು ಭಾನುವಾರ ರಾತ್ರಿ 10ಕ್ಕೆ ಶುರು. 24 ಗಂಟೆ ಅಷ್ಟೇ ಇದೆ, ನಿಜ. ಆದರೆ ಹಗಲಲ್ಲಿ ಕೆಲಸ ಮುಗಿಯದಿದ್ದರೆ ಈಗ ಭಾನುವಾರ ರಾತ್ರಿಯವರೆಗೂ ಎಳೆಯಬಹುದು. ಆಮೇಲೆ ಆ ಅವಕಾಶ ಇಲ್ಲ. ದೊಡ್ಡ ಕೆಲಸ ಇದ್ದ ವಾರ ಶನಿವಾರ ರಾತ್ರಿಯೇ ಇಳಿಯಬೇಕು. ಒಬ್ಬರ ರಾತ್ರಿ ಉಳಿಸೋಕೆ ಇನ್ನೊಬ್ಬರ ರಾತ್ರಿ ತೆಗೆದರೆ ಹೇಗೆ?

ಅಂತರಗಂಗೆ: ನಿಮ್ಮ ಮಾತು ನ್ಯಾಯವಾಗಿದೆ ತಮ್ಮಾ. ನಾನು ಆ ಕಡೆಯಿಂದ ಯೋಚಿಸಿರಲಿಲ್ಲ. ತಿಂಗಳಿಗೆ ಎಷ್ಟು ಸಲ ದೊಡ್ಡ ಕೆಲಸ ಬರುತ್ತದೆ ಅಂತ ನಿಮ್ಮವರೇ ಲೆಕ್ಕ ಕೊಡಬೇಕು. ಆ ಒಂದು ವಾರ ಹಳೇ ಚಾರ್ಟೇ ಇಟ್ಟುಕೊಳ್ಳಬಹುದೇನೋ.

ಸಾರ್, ಇನ್ನೊಂದು ಮಾತು, ಇದಕ್ಕೆ ಚಾರ್ಟೂ ಬೇಡ, ದುಡ್ಡೂ ಬೇಡ. ಸಿ ಶಿಫ್ಟ್‌ನ ಲಾಗ್ ಪುಸ್ತಕ ಓದಿ. ಎರಡು ವರ್ಷದ ಹಿಂದೆ ಒಂದು ರಾತ್ರಿ, 3.40 ಇರಬೇಕು. ನನ್ನ ಪಕ್ಕದ ಮೆಷಿನ್ ಹುಡುಗ ಪೀಸಿನ ಬೋರ್‌ಗೆ, ಅಂದರೆ ಕೊರೆದ ತೂತಿಗೆ, ಅಳತೆ ನೋಡುವ ಗೇಜ್ ಹಾಕುತ್ತಿದ್ದ. ಗೋ ಬದಿ ಸಲೀಸಾಗಿ ಇಳಿಯಬೇಕು, ನೋಗೋ ಬದಿ ಇಳಿಯಬಾರದು. ಅವತ್ತು ಗೋ ಬದಿ ಇಳಿಯಿತು, ಆದರೆ ಕೈಗೆ ಸ್ವಲ್ಪ ಬಿಗಿ ಅನಿಸಿತು. ಪೀಸ್ ಪಾಸೇ ಆಗಿತ್ತು. ಬಿಟ್ಟುಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವನು ಮೆಷಿನ್ ನಿಲ್ಲಿಸಿ, ಲೋಹ ಕೊರೆಯುವ ಇನ್ಸರ್ಟ್ ತೆಗೆದು ಬೆಳಕಿಗೆ ಹಿಡಿದ. ಮೂಲೆ ಸವೆದಿತ್ತು. ಇನ್ಸರ್ಟ್ ಸವೆದರೆ ಬೋರ್ ಸಣ್ಣದಾಗುತ್ತಾ ಹೋಗುತ್ತದೆ. ಹೊಸ ಮೂಲೆ ತಿರುಗಿಸಿ ಹಾಕಿ, ಟ್ರೇಯಲ್ಲಿದ್ದ 36 ಪೀಸನ್ನೂ ಒಂದೊಂದಾಗಿ ಮತ್ತೆ ಗೇಜ್ ಮಾಡಿದ. ನಾಲ್ಕು ಪೀಸಿಗೆ ಕೆಂಪು ಟ್ಯಾಗ್ ಕಟ್ಟಿ ಬೇರೆ ಇಟ್ಟ. ದೇಹಕ್ಕೆ ಅತಿ ಕಷ್ಟದ ಹೊತ್ತು ಅದು. ಮೈ ಬಿಸಿ ಇಳಿದಿರುತ್ತದೆ, ಕಣ್ಣು ತೆರೆದಿದ್ದರೂ ತಲೆ ಒಂದೆರಡು ಕ್ಷಣ ಆಫ್ ಆಗುತ್ತದೆ. ಆ ಹೊತ್ತಿನಲ್ಲಿ ಕೈಗೆ ಹತ್ತಿದ ಬಿಗಿಯನ್ನು ಅವನು ನಂಬಿದ.

ಬೆಳಿಗ್ಗೆ ಮೀಟಿಂಗ್ ಬೋರ್ಡ್ ಮೇಲೆ ಬಂದದ್ದು ಒಂದೇ ಸಾಲು: ಸಿ ಶಿಫ್ಟ್, ಮೆಷಿನ್ ನಿಂತದ್ದು 25 ನಿಮಿಷ. ಯಾಕೆ ಕಡಿಮೆ ಅಂತ ಅವನ ಹೆಸರು ಕೇಳಿದರು. ಅವನು ಅಷ್ಟರಲ್ಲಿ ಬಸ್ಸಿನಲ್ಲಿದ್ದ. ಉತ್ತರ ಕೊಡೋಕೆ ಅಲ್ಲಿ ಇರಲಿಲ್ಲ. ಲಾಗ್ ಪುಸ್ತಕದಲ್ಲಿ ಎಲ್ಲ ಬರೆದಿಟ್ಟಿದ್ದ, ಆ ಪುಟ ಯಾರೂ ತಿರುಗಿಸಿರಲಿಲ್ಲ.

ಮಾಲೂರು ಗೆಳೆಯ: ಆ ಹುಡುಗ ಈಗ?

ಅಂತರಗಂಗೆ: ಕಾಂಟ್ರ್ಯಾಕ್ಟ್ ಮುಗಿಯಿತು, ಹೋದ. ವೇಮಗಲ್ ಕಡೆ ಎಲ್ಲೋ ಇದ್ದಾನಂತೆ. ನನಗೆ ಇವತ್ತಿಗೂ ಬೇಜಾರಿದೆ, ಅವತ್ತು 6ರ ನಂತರ ಅರ್ಧ ಗಂಟೆ ನಾನಾದರೂ ನಿಂತು ಹೇಳಬೇಕಿತ್ತು.

ನರಸಾಪುರ ಶಾಪ್ ಇನ್‌ಚಾರ್ಜ್: ಈಗಷ್ಟೇ ನಮ್ಮ ಸಿ ಶಿಫ್ಟ್ ಲಾಗ್ ತರಿಸಿಕೊಂಡೆ. ಒಂದು ತಿಂಗಳಿನಲ್ಲಿ ಏಳು ಕಡೆ "ಟೂಲ್ ಸವೆತ, ಪೀಸ್ ಬೇರೆ ಇಟ್ಟಿದೆ" ಅಂತ ಬರೆದಿದ್ದಾರೆ. ಬೋರ್ಡಿಗೆ ಒಂದೂ ಬಂದಿಲ್ಲ. ಊಟ ಗುರುವಾರ ರಾತ್ರಿ 2ಕ್ಕೆ, ನಾನು ಬರುತ್ತೇನೆ. ಈ ಏಳೂ ಸಾಲನ್ನು ಬರೆದವರ ಹೆಸರು ಸಮೇತ ಅಲ್ಲಿ ಓದುತ್ತೇನೆ. ಚಾರ್ಟಿನ ವಿಷಯ ಮೇಂಟೆನೆನ್ಸ್‌ನವರ ಜೊತೆ ಕೂತು ಮಾತಾಡಬೇಕು, ಅದು ಒಂದು ವಾರದಲ್ಲಿ ಆಗುವ ಕೆಲಸವಲ್ಲ. ಸ್ಪ್ಯಾನರ್ ಅವರೇ, ನಿಮ್ಮಲ್ಲಿ ಭಾನುವಾರ ಸಂಜೆ ದಾಟಿದ ಕೆಲಸ ವರ್ಷಕ್ಕೆ ಎಷ್ಟು ಸಲ ಬಂದಿದೆ?

ಸ್ಪ್ಯಾನರ್ 17: ಕಳೆದ ವರ್ಷ ಐದು ಅಂತ ನೆನಪು. ನಾಳೆ ಪುಸ್ತಕ ನೋಡಿ ಹೇಳುತ್ತೇನೆ ಸಾರ್.