ಆಷಾಢದಲ್ಲಿ ಕೈ ಖಾಲಿ: ಏರಿಳಿತದ ಆದಾಯಕ್ಕೆ ಎಷ್ಟು ದುಡ್ಡು ಎತ್ತಿಡಬೇಕು?

ಪ್ರಶ್ನೆ (ಶಿಕ್ಷಕಿ, ಹಾಸನ): ಖಾಸಗಿ ಶಾಲೆಯಲ್ಲಿ 24,000 ಸಂಬಳ. ಜೊತೆಗೆ ಮದುಮಗಳ ಮೇಕಪ್, ಮೆಹಂದಿ ಮಾಡುತ್ತೇನೆ. ಸಾಮಾನು, ಓಡಾಟದ ಖರ್ಚು ಕಳೆದು ಹೋದ ವರ್ಷ ಕೈಗೆ ಉಳಿದಿದ್ದು ಹೀಗಿದೆ: ಏಪ್ರಿಲ್ 21,000, ಮೇ 25,000, ಜೂನ್ 11,000, ಜುಲೈ ಏನೂ ಇಲ್ಲ, ಆಗಸ್ಟ್ 6,000, ಸೆಪ್ಟೆಂಬರ್ 2,000, ಅಕ್ಟೋಬರ್ 5,000. ನವೆಂಬರ್‌ನಿಂದ ಮಾರ್ಚ್‌ವರೆಗೆ ಒಟ್ಟು 62,000. ವರ್ಷಕ್ಕೆ 1,32,000, ಅಂದರೆ ತಿಂಗಳಿಗೆ 11,000 ಸಿಗಬೇಕು ಅಲ್ವಾ? ಆದರೆ ಗೌರಿ ಹಬ್ಬಕ್ಕೆ ಕೈಯಲ್ಲಿ ದುಡ್ಡೇ ಇರಲ್ಲ. ಬರುವ ಏಪ್ರಿಲ್‌ನಿಂದ ಸರಿಮಾಡಬೇಕು.

ಬ್ಯಾಂಕ್ ನಿವೃತ್ತರು: ಆರು ತಿಂಗಳ ಮನೆ ಖರ್ಚು ಎಫ್‌ಡಿ ಮಾಡಿಡಿ ಮೇಡಂ. ಅದೇ ನಿಯಮ.

ಕಿರಾಣಿ ಅಂಗಡಿಯವರು: ಚೀಟಿ ಹಾಕಿ ಅಕ್ಕ. ನಾನು ಅದರಲ್ಲೇ ಅಂಗಡಿಗೆ ಫ್ರಿಜ್ ತಗೊಂಡೆ.

ಉತ್ತರ (ಲೆಕ್ಕಪರಿಶೋಧಕಿ, ಮೈಸೂರು): ಸರ್ ಹೇಳಿದ ಆರು ತಿಂಗಳ ದುಡ್ಡು ಕೆಲಸ ಹೋದರೆ ಬೇಕಾಗುವಂಥದ್ದು. ಅದೂ ಬೇಕು, ಆದರೆ ಇವರ ತೊಂದರೆ ಬೇರೆ. ಇವರ ಸಂಬಳ ನಿಂತಿಲ್ಲ. ಮದುವೆ ಇಲ್ಲದ ನಾಲ್ಕು ತಿಂಗಳು ದಾಟಿದರೆ ಸಾಕು. ಚೀಟಿಯಂತೂ ಇಲ್ಲಿ ಬೇಡ. ಅದರ ಕಂತು ಆಷಾಢದಲ್ಲೂ ಕಟ್ಟಲೇಬೇಕು. ದುಡ್ಡು ಬಾರದ ತಿಂಗಳಿಗೇ ಇನ್ನೊಂದು ಖರ್ಚು ಸೇರಿದ ಹಾಗಾಗುತ್ತದೆ.

ಮೇಡಂ, ಮೇಕಪ್ ದುಡ್ಡಿಗೆ ಬೇರೆಯೇ ಒಂದು ಉಳಿತಾಯ ಖಾತೆ ತೆರೆಯಿರಿ. ಬಂದದ್ದೆಲ್ಲ ಮೊದಲು ಅಲ್ಲಿಗೆ ಹೋಗಲಿ. ಅಲ್ಲಿಂದ ಪ್ರತಿ ತಿಂಗಳ 1ನೇ ತಾರೀಕು ಒಂದೇ ಮೊತ್ತ ಮನೆ ಖಾತೆಗೆ ಬರಲಿ. ಮೇಕಪ್ ಖಾತೆಯಿಂದ ಫೋನ್‌ನಲ್ಲಿ ಯುಪಿಐ ಪಾವತಿ ಇಟ್ಟುಕೊಳ್ಳಬೇಡಿ. ಇಟ್ಟುಕೊಂಡರೆ ತರಕಾರಿಗೂ ಅದರಿಂದಲೇ ಹೋಗುತ್ತದೆ.

ಆ ಮೊತ್ತ ಎಷ್ಟು ಅನ್ನೋದೇ ಮುಖ್ಯ. ಸರಾಸರಿ 11,000 ಅಂತ ಅಷ್ಟೇ ತೆಗೆದರೆ ಜೂನ್ ಕೊನೆಗೆ ಖಾತೆಯಲ್ಲಿ 24,000 ಉಳಿಯುತ್ತದೆ. ಜುಲೈಯಿಂದ ಅಕ್ಟೋಬರ್‌ವರೆಗೆ ಬೇಕಾಗುವುದು 44,000, ಬರುವುದು 13,000. ಕೊರತೆ 31,000. ಅಂದರೆ ದೀಪಾವಳಿ ಹೊತ್ತಿಗೆ 7,000 ಸಾಲ. ಸರಾಸರಿ ತಪ್ಪಲ್ಲ, ದುಡ್ಡು ಬರುವ ಹೊತ್ತು ಅದರಲ್ಲಿ ಕಾಣುವುದಿಲ್ಲ ಅಷ್ಟೇ.

9,000 ತೆಗೆಯಿರಿ. ಆಗ ಜೂನ್ ಕೊನೆಗೆ 30,000 ಇರುತ್ತದೆ. ನಾಲ್ಕು ತಿಂಗಳ ಕೊರತೆ 23,000. ದಾಟಿದ ಮೇಲೂ 7,000 ಕೈಯಲ್ಲಿರುತ್ತದೆ. ನಿಮಗೆ ಬೇಕಾದ ಮೀಸಲು ಆ 23,000. ಜೂನ್ 30ಕ್ಕೆ ಪಾಸ್‌ಬುಕ್ ನೋಡಿ. ಅಷ್ಟಿಲ್ಲದಿದ್ದರೆ ಜುಲೈಯಿಂದಲೇ ಮೊತ್ತ ಇಳಿಸಿ. ಸೆಪ್ಟೆಂಬರ್‌ವರೆಗೆ ಕಾದರೆ ಇಳಿಸಲು ಏನೂ ಉಳಿದಿರುವುದಿಲ್ಲ.

ಶಿಕ್ಷಕಿ: ಮೇ ಮದುವೆಗೆ ಮಾರ್ಚ್‌ನಲ್ಲೇ ಅಡ್ವಾನ್ಸ್ ಕೊಡುತ್ತಾರೆ. ಅದನ್ನೂ ಇದರಲ್ಲೇ ಹಾಕಲಾ?

ಲೆಕ್ಕಪರಿಶೋಧಕಿ: ಖಾತೆಗೆ ಹಾಕಿ, ಆದರೆ ಲೆಕ್ಕಕ್ಕೆ ತಗೋಬೇಡಿ. ಪುಸ್ತಕದಲ್ಲಿ ಮದುವೆ ತಾರೀಕಿನ ಪಕ್ಕ ಪೆನ್ಸಿಲ್‌ನಲ್ಲಿ ಬರೆದಿಡಿ, ಕೆಲಸ ಮುಗಿದ ದಿನ ಪೆನ್‌ನಲ್ಲಿ ತಿದ್ದಿ. ಮದುವೆ ಮುರಿದರೆ, ಮುಂದಕ್ಕೆ ಹೋದರೆ ಅದು ವಾಪಸ್ ಕೊಡಬೇಕಾದ ದುಡ್ಡು. ಜೂನ್ 30ಕ್ಕೆ ನೋಡುವಾಗಲೂ ಪೆನ್ಸಿಲ್‌ನಲ್ಲಿರುವುದನ್ನು ಕಳೆದೇ ನೋಡಿ.

ಅಡಿಕೆ ಬೆಳೆಗಾರರು, ತೀರ್ಥಹಳ್ಳಿ: ನಮಗೆ ದುಡ್ಡು ಬರೋದೇ ವರ್ಷಕ್ಕೊಂದು ಸಲ. ಸೊಸೈಟಿ ಸಾಲ ತೀರಿಸಿ ಉಳಿದದ್ದರಲ್ಲಿ ಮುಂದಿನ ಕೊಯ್ಲಿನ ತನಕ ದೂಡಬೇಕು. ಇವರಿಗೆ ಪ್ರತಿ ತಿಂಗಳು ಸಂಬಳ ಇದೆ, ಇಷ್ಟು ಚಿಂತೆ ಯಾಕೆ?

ಶಿಕ್ಷಕಿ: ಸಂಬಳ ಬಾಡಿಗೆ, ರೇಷನ್, ಬಸ್ಸಿಗೇ ಸರಿಹೋಗುತ್ತದೆ ಅಣ್ಣ. ಮಗಳ ಫೀಸು, ಎಲ್‌ಐಸಿ ಎರಡೂ ಮೇಕಪ್ ದುಡ್ಡಿನಿಂದಲೇ.

ಶಾಮಿಯಾನ ಕೆಲಸದವರು, ಅರಸೀಕೆರೆ: ಒಂದು ವಿಷಯ ಯಾರೂ ಹೇಳಲಿಲ್ಲ. 2026ರಲ್ಲಿ ಅಧಿಕ ಜ್ಯೇಷ್ಠ ಇದೆ, ಮೇ 17ರಿಂದ ಜೂನ್ 15ರವರೆಗೆ. ಅಧಿಕ ಮಾಸದಲ್ಲಿ ನಮ್ಮ ಕಡೆ ಮದುವೆ ಇಡಲ್ಲ. ಹೋದ ವರ್ಷದ ಮೇ ಲೆಕ್ಕ ಇಟ್ಟುಕೊಂಡು ಕೂತರೆ ಕಷ್ಟ ಅಕ್ಕ.

ಲೆಕ್ಕಪರಿಶೋಧಕಿ: ಒಳ್ಳೆಯದು ನೆನಪಿಸಿದಿರಿ. ಹಾಗಾದರೆ ಲೆಕ್ಕ ಬದಲಾಗುತ್ತದೆ. ಮೇ, ಜೂನ್ ಎರಡೂ ಅರ್ಧಕ್ಕೆ ಇಳಿದವು ಅಂದುಕೊಳ್ಳಿ. 9,000 ತೆಗೆದರೆ ಜೂನ್ ಕೊನೆಗೆ 12,000 ಮಾತ್ರ ಇರುತ್ತದೆ, ಸಾಲದು. ಏಪ್ರಿಲ್‌ನಿಂದಲೇ 6,000ಕ್ಕೆ ಇಳಿಸಿದರೆ 21,000 ಉಳಿಯುತ್ತದೆ. ಆಗ ಮುಂದಿನ ನಾಲ್ಕು ತಿಂಗಳ ಕೊರತೆಯೂ 11,000ಕ್ಕೆ ಇಳಿಯುತ್ತದೆ. ಈ ವರ್ಷಕ್ಕೆ 6,000. ಫೀಸು ಕಂತಿನಲ್ಲಿ ಕಟ್ಟಲು ಆಗುತ್ತಾ ಶಾಲೆಯಲ್ಲಿ ಈಗಲೇ ಕೇಳಿಬಿಡಿ. ಅಧಿಕ ಮಾಸ ಸುಮಾರು ಎರಡೂವರೆ, ಮೂರು ವರ್ಷಕ್ಕೊಮ್ಮೆ ಬರುತ್ತದೆ. ಮಾಮೂಲಿ ವರ್ಷದಲ್ಲಿ 9,000ದಂತೆ ತೆಗೆದರೆ ಮಾರ್ಚ್ ಕೊನೆಗೆ 24,000 ಉಳಿಯುತ್ತದಲ್ಲ, ಅದನ್ನು ಚಿನ್ನಕ್ಕೆ ಹಾಕದೆ ಹಾಗೇ ಬಿಡುವುದು ಇಂಥ ವರ್ಷಕ್ಕೆ.

ಶಾಮಿಯಾನ ಕೆಲಸದವರು: ಅಷ್ಟು ಇಳಿಸಬೇಕಾಗಿಲ್ಲ ಮೇಡಂ. ನಿಂತ ಮದುವೆಗಳು ನಿಜ ಜ್ಯೇಷ್ಠದಲ್ಲಿ, ಜುಲೈ ಮೊದಲ ವಾರಗಳಲ್ಲಿ ಬರುತ್ತವೆ.

ಲೆಕ್ಕಪರಿಶೋಧಕಿ: ಬರಬಹುದು. ಎಲ್ಲವೂ ಬರುತ್ತವೆ ಅಂತ ನನಗೆ ನಂಬಿಕೆ ಇಲ್ಲ, ಎಷ್ಟೋ ಜನ ಏಪ್ರಿಲ್‌ಗೇ ಮುಗಿಸಿಬಿಡುತ್ತಾರೆ. ಮೇಡಂ, ನಿಮಗೆ ಜುಲೈಗೆ ಬುಕಿಂಗ್ ಏನಾದರೂ ಬಂದಿದೆಯಾ?

ಶಿಕ್ಷಕಿ: ಎರಡು ಜನ ವಿಚಾರಿಸಿದ್ದಾರೆ. ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ.

ಲೆಕ್ಕಪರಿಶೋಧಕಿ: ಹಾಗಾದರೆ ಸದ್ಯಕ್ಕೆ 6,000 ಇಟ್ಟುಕೊಳ್ಳಿ. ಅವರು ಅಡ್ವಾನ್ಸ್ ಕೊಟ್ಟ ದಿನ ಇಲ್ಲೇ ಬರೆಯಿರಿ, ಮತ್ತೆ ಲೆಕ್ಕ ಹಾಕೋಣ.