ಎಂ.ಎಸ್ಸಿ ನರ್ಸಿಂಗ್‌ಗೆ ಹೋಗುವಾಗ ಆಸ್ಪತ್ರೆಗೆ ರಾಜೀನಾಮೆ: ತಾರೀಖು ಯಾವುದು, ಒಕ್ಕಣೆ ಹೇಗೆ?

ಕೇಳಿದವರು (ವಿಜಯಪುರ):
ಬಿ.ಎಸ್ಸಿ ನರ್ಸಿಂಗ್ ಮುಗಿಸಿ, ಇಲ್ಲಿಯ ಒಂದು ಖಾಸಗಿ ಆಸ್ಪತ್ರೆಯ ಐಸಿಯುದಾಗ 2024ರ ಸೆಪ್ಟೆಂಬರ್ 4ರಿಂದ ಸ್ಟಾಫ್ ನರ್ಸ್ ಇದ್ದೀನ್ರಿ. ಬೆಳಗಾವಿಯಲ್ಲಿ ಎಂ.ಎಸ್ಸಿ ಮಾಡೋ ವಿಚಾರ ಐತಿ, ಸೀಟು ಇನ್ನೂ ಖಾತ್ರಿ ಆಗಿಲ್ಲ. ಆಗಸ್ಟ್ 31ಕ್ಕೆ ಬಿಡಬೇಕಂತ ಮಾಡೀನಿ. ಆರ್ಡರ್‌ನಾಗ ಒಂದು ತಿಂಗಳ ನೋಟಿಸ್ ಅಂತ ಐತಿ. ಮಾರ್ಕ್ಸ್ ಕಾರ್ಡುಗಳ ಒರಿಜಿನಲ್ ಅವರ ಹತ್ರನ ಅದಾವು. ಸಂಬಂಧ ಕೆಡದಂಗ ಪತ್ರ ಹೆಂಗ ಬರೀಬೇಕ್ರಿ?

ಬಾಗಲಕೋಟೆ, ವಾರ್ಡ್ ಇನ್‌ಚಾರ್ಜ್:
ಪತ್ರದ ಮಾತು ಆಮ್ಯಾಲೆ, ಮೊದಲ ತಾರೀಖು ಬದಲಿ ಮಾಡ್ರಿ. ಬಿ.ಎಸ್ಸಿ ಮುಗಿಸಿದವರಿಗೆ ಎಂ.ಎಸ್ಸಿ ಸೇರಾಕ ಕನಿಷ್ಠ 55 ಪರ್ಸೆಂಟ್ ಅಂಕದ ಜೋಡಿ ಒಂದು ವರ್ಷದ ಕೆಲಸದ ಅನುಭವ ಬೇಕು. ನಿಮ್ಮ ಒಂದು ವರ್ಷ ತುಂಬೂದು ಸೆಪ್ಟೆಂಬರ್ 3ಕ್ಕ. ಆಗಸ್ಟ್ 31ಕ್ಕ ಬಿಟ್ರ ಮೂರು ದಿನ ಕಮ್ಮಿ ಬೀಳತಾವು. ಸರ್ಟಿಫಿಕೇಟ್‌ನಾಗ ಬರೂದು ಸೇರಿದ ತಾರೀಖು, ಬಿಟ್ಟ ತಾರೀಖು ಎರಡ. ದಾಖಲೆ ನೋಡೋರು ಅವನ್ನ ಎಣಿಸ್ತಾರ, ನಿಮ್ಮ ಮಾತು ಕೇಳಂಗಿಲ್ಲ. ಇನ್ನೊಂದು, ಕರ್ನಾಟಕ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಕೆಲಸಕ್ಕ ಸೇರಿದ ಮ್ಯಾಲೆ ಆಗಿದ್ರ, ಅದಕ್ಕಿಂತ ಹಿಂದಿನ ದಿನ ಲೆಕ್ಕಕ್ಕ ಹಿಡಿಯೂದಿಲ್ಲ ಅನ್ನೋರೂ ಇರ್ತಾರ. ನೋಂದಣಿ ತಾರೀಖು ತೆಗೆದು ನೋಡ್ರಿ. ಅನುಭವ ಯಾವ ದಿನದೊಳಗ ತುಂಬಿರಬೇಕು ಅನ್ನೂದನ್ನ ಆ ವರ್ಷದ ಪ್ರವೇಶ ಪ್ರಕಟಣೆಯೊಳಗ ಓದ್ರಿ.

ಹುಬ್ಬಳ್ಳಿಯಿಂದ ಒಬ್ಬರು:
ಇಷ್ಟೆಲ್ಲ ಯಾಕೆ? ಒಂದು ತಿಂಗಳ ಪಗಾರ ಕಟ್ಟಿದರೆ ನಾಳೆಯೇ ಬಿಡಬಹುದು. ಓದಿಗೆ ಹೋಗುವವರನ್ನು ಯಾರೂ ತಡೆಯುವಂತಿಲ್ಲ.

ಬೆಳಗಾವಿ, ಆಸ್ಪತ್ರೆಯೊಂದರ ಎಚ್‌ಆರ್ ವಿಭಾಗ:
ಅರ್ಧ ಸರಿ. ‘ನೋಟಿಸ್ ಅಥವಾ ಅದರ ಬದಲು ವೇತನ’ ಎಂದು ನೇಮಕಾತಿ ಆದೇಶದಲ್ಲಿ ಇದ್ದರೆ ಹಾಗೆ ಮಾಡಬಹುದು. ಬರೀ ‘ಒಂದು ತಿಂಗಳ ನೋಟಿಸ್’ ಎಂದಿದ್ದರೆ ಆಡಳಿತ ಒಪ್ಪಬೇಕು. ಅದಲ್ಲದೆ ಇವರಿಗೆ ಬೇಕಾಗಿರುವುದು ದಿನಗಳು. ಹಣ ಕಟ್ಟಿದ ಮಾತ್ರಕ್ಕೆ ಕೆಲಸ ಮಾಡದ ದಿನ ಅನುಭವದಲ್ಲಿ ಸೇರುವುದಿಲ್ಲ.

ನೋಟಿಸ್ ಶುರುವಾಗುವುದು ಪತ್ರದ ಮೇಲೆ ನೀವು ಬರೆದ ದಿನದಿಂದ ಅಲ್ಲ, ಅವರ ಕೈಗೆ ಮುಟ್ಟಿದ ದಿನದಿಂದ. ಆದ್ದರಿಂದ ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸ್ವೀಕೃತಿ ಸಹಿ, ದಿನಾಂಕ, ಸೀಲು, ಸಾಧ್ಯವಾದರೆ ಇನ್‌ವರ್ಡ್ ನಂಬರ್ ಹಾಕಿಸಿ ಇಟ್ಟುಕೊಳ್ಳಿ. ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಜಿನ ಮೇಲೆ ಇಟ್ಟು ಬಂದ ಪತ್ರ ಆಡಳಿತ ಕಚೇರಿಗೆ ಹೋಗಲು ವಾರವಾದರೆ, ನಿಮ್ಮ ನೋಟಿಸ್ ಒಂದು ವಾರ ತಡವಾಗಿ ಶುರುವಾಯಿತು ಎಂದು ಅವರು ಹೇಳಬಹುದು. ಆಗಸ್ಟ್ 5ಕ್ಕೆ ಕೊಟ್ಟು ಸೆಪ್ಟೆಂಬರ್ 6 ಕೊನೆಯ ದಿನ ಎಂದು ಬರೆಯಿರಿ. ತಿಂಗಳೂ ತುಂಬುತ್ತದೆ, ವರ್ಷದ ಮೇಲೆ ಮೂರು ದಿನ ಉಳಿಯುತ್ತದೆ. ನೋಟಿಸ್ ಅವಧಿಯಲ್ಲಿ ರಜೆ ಹಾಕಿದರೆ ಕೆಲವು ಕಡೆ ಅಷ್ಟು ದಿನ ಮುಂದೂಡುತ್ತಾರೆ, ಅದನ್ನು ಮೊದಲೇ ಕೇಳಿ.

ಒಕ್ಕಣೆ ಹೀಗಿರಲಿ:

> ದಿನಾಂಕ: 5 ಆಗಸ್ಟ್ 2025
>
> ಇವರಿಗೆ: ವೈದ್ಯಕೀಯ ಅಧೀಕ್ಷಕರು
> ಮುಖಾಂತರ: ನರ್ಸಿಂಗ್ ಸೂಪರಿಂಟೆಂಡೆಂಟ್
>
> ವಿಷಯ: ಉನ್ನತ ವ್ಯಾಸಂಗಕ್ಕಾಗಿ ಸ್ಟಾಫ್ ನರ್ಸ್ ಹುದ್ದೆಗೆ ರಾಜೀನಾಮೆ
> ಉಲ್ಲೇಖ: ನೇಮಕಾತಿ ಆದೇಶದ ಸಂಖ್ಯೆ ಮತ್ತು ದಿನಾಂಕ
>
> ಮಾನ್ಯರೇ,
>
> ತಮ್ಮ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ 4 ಸೆಪ್ಟೆಂಬರ್ 2024ರಿಂದ ಸ್ಟಾಫ್ ನರ್ಸ್ ಆಗಿ ಸೇವೆ ಸಲ್ಲಿಸುತ್ತಿದ್ದೇನೆ. ಎಂ.ಎಸ್ಸಿ ನರ್ಸಿಂಗ್ ವ್ಯಾಸಂಗ ಮಾಡಲು ನಿರ್ಧರಿಸಿರುವುದರಿಂದ ಈ ಹುದ್ದೆಗೆ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ನೇಮಕಾತಿ ಆದೇಶದಂತೆ ಒಂದು ತಿಂಗಳ ಸೂಚನೆ ನೀಡಿದ್ದು, 6 ಸೆಪ್ಟೆಂಬರ್ 2025ರ ಹಗಲು ಪಾಳಿ ಮುಗಿದ ಬಳಿಕ ನನ್ನನ್ನು ಕರ್ತವ್ಯದಿಂದ ಬಿಡುಗಡೆ ಮಾಡಬೇಕೆಂದು ಕೋರುತ್ತೇನೆ.
>
> ವೆಂಟಿಲೇಟರ್ ಮೇಲಿರುವ ರೋಗಿಗಳ ಆರೈಕೆಯನ್ನು ನಾನು ಕಲಿತದ್ದು ಈ ಘಟಕದಲ್ಲಿ. ಅದನ್ನು ತಾಳ್ಮೆಯಿಂದ ಕಲಿಸಿದ ಘಟಕದ ಇನ್‌ಚಾರ್ಜ್, ಹಿರಿಯ ಶುಶ್ರೂಷಕಿಯರು ಹಾಗೂ ವೈದ್ಯರಿಗೆ ಕೃತಜ್ಞಳಾಗಿದ್ದೇನೆ.
>
> ನನ್ನ ಜವಾಬ್ದಾರಿಯಲ್ಲಿರುವ ಸಾಮಗ್ರಿ ಮತ್ತು ದಾಖಲೆಗಳನ್ನು ತಾವು ಸೂಚಿಸಿದವರಿಗೆ ಹಸ್ತಾಂತರಿಸುತ್ತೇನೆ. ಬಿಡುಗಡೆ ಪತ್ರ, ಅನುಭವ ಪ್ರಮಾಣಪತ್ರ ಹಾಗೂ ಆಸ್ಪತ್ರೆಯಲ್ಲಿರುವ ನನ್ನ ಮೂಲ ಅಂಕಪಟ್ಟಿಗಳನ್ನು ಅಂದೇ ನೀಡಬೇಕಾಗಿ ವಿನಂತಿ.
>
> ತಮ್ಮ ವಿಶ್ವಾಸಿ,
> (ಸಹಿ, ಹೆಸರು, ನೌಕರ ಸಂಖ್ಯೆ, ನರ್ಸಿಂಗ್ ಕೌನ್ಸಿಲ್ ನೋಂದಣಿ ಸಂಖ್ಯೆ)

‘ಸೀಟು ಸಿಕ್ಕಿದೆ’ ಎಂದು ಬರೆಯಬೇಡಿ, ಇನ್ನೂ ಸಿಕ್ಕಿಲ್ಲವಲ್ಲ. ಕೃತಜ್ಞತೆ ಎರಡು ವಾಕ್ಯಕ್ಕೆ ನಿಲ್ಲಲಿ, ಆದರೆ ಕಲಿತ ಒಂದು ಕೆಲಸದ ಹೆಸರು ಇರಲಿ. ‘ತಮ್ಮ ಮಹಾನ್ ಸಂಸ್ಥೆ’ ಎಂದು ಅರ್ಧ ಪುಟ ತುಂಬಿಸಿದರೆ ಯಾರೂ ಓದುವುದಿಲ್ಲ. ಸಂಬಳ, ನೈಟ್ ಡ್ಯೂಟಿ, ಸಿಬ್ಬಂದಿ ಕೊರತೆಯ ಮಾತು ಈ ಪತ್ರದಲ್ಲಿ ಬೇಡವೇ ಬೇಡ. ಈ ಕಾಗದ ನಿಮ್ಮ ಫೈಲಿನಲ್ಲಿ ಉಳಿಯುತ್ತದೆ, ಮುಂದೆ ಯಾರಾದರೂ ನಿಮ್ಮ ಬಗ್ಗೆ ವಿಚಾರಿಸಿದಾಗ ತೆರೆಯುವುದು ಅದೇ ಫೈಲು.

ಜಮಖಂಡಿಯಿಂದ ಒಬ್ಬರು:
ನಾನು ಸರ್ಕಾರಿ ತಾಲ್ಲೂಕು ಆಸ್ಪತ್ರೆಯಲ್ಲಿ ಶುಶ್ರೂಷಾಧಿಕಾರಿ. ನಾನೂ ಇದೇ ಪತ್ರ ಕೊಡಬಹುದಾ? ಹತ್ತು ವರ್ಷದ ಸರ್ವಿಸ್ ಆಗಿದೆ.

ಬಾಗಲಕೋಟೆ, ವಾರ್ಡ್ ಇನ್‌ಚಾರ್ಜ್:
ನೀವು ಕೊಡಬ್ಯಾಡ್ರಿ ಅಕ್ಕಾರ! ರಾಜೀನಾಮೆ ಕೊಟ್ರ ಹತ್ತು ವರ್ಷದ ಸರ್ವಿಸ್ ಕಳಕೊಂಡಂಗ. ವ್ಯಾಸಂಗಕ್ಕ ಇಲಾಖೆಯಿಂದ ನಿಯೋಜನೆ ಇಲ್ಲಾ ರಜೆ ಸಿಗತೈತೇನು ಅಂತ ಮೊದಲ ಜಿಲ್ಲಾ ಕಚೇರಿಯಾಗ ಕೇಳ್ರಿ. ನಿಮ್ಮ ದಾರಿನ ಬ್ಯಾರೆ.

ವಿಜಯಪುರದ ತಂಗಿಗೆ ಇನ್ನೊಂದು ಮಾತು. ಪತ್ರದಾಗ ‘ಹಗಲು ಪಾಳಿ ಮುಗಿದ ಬಳಿಕ’ ಅಂತ ಹಾಕಿದ್ದು ಭಾಳ ಚಲೋ ಆತು. ಕೊನೀ ದಿನ ನೈಟ್ ಬಿದ್ರ ಡ್ಯೂಟಿ ಮುಗಿಯೂದು ಮರುದಿನ ಮುಂಜಾನೆ, ಆವಾಗ ಬಿಡುಗಡೆ ಯಾವ ತಾರೀಖಿಗೆ ಅಂತ ಗೊಂದಲ ಆಗತೈತಿ. ರೋಸ್ಟರ್ ಹಾಕೋ ಮೊದಲ ಇನ್‌ಚಾರ್ಜ್‌ಗೆ ಹೇಳಿ ಕಡೀ ವಾರ ಡೇ ಡ್ಯೂಟಿ ತಗೋರಿ. ನೈಟ್‌ನಾಗ ಇದ್ರ ಅಕೌಂಟ್ಸು, ಸ್ಟೋರು, ಹಾಸ್ಟೆಲ್ಲು ಅಂತ ನೋ ಡ್ಯೂಸ್ ಸಹಿ ಹಾಕಿಸಾಕ ಕಚೇರಿ ವ್ಯಾಳ್ಯಾಕ ಸಿಗೂದಿಲ್ಲ.

ಐಸಿಯು ಅಂದ ಮ್ಯಾಲೆ ಹಸ್ತಾಂತರ ಬಾಯಿಮಾತಿನ್ಯಾಗ ಬ್ಯಾಡ. ಮಾರ್ಫಿನ್, ಫೆಂಟಾನಿಲ್‌ನಂಥ ಔಷಧಿ ಇಡೋ ಕಪಾಟಿನ ಕೀಲಿ ನಿಮ್ಮ ಕೈಯಾಗಿದ್ರ, ರಿಜಿಸ್ಟರ್‌ನಾಗಿನ ಬಾಕಿಗೂ ಕಪಾಟಿನ ಆಂಪೂಲ್‌ಗೂ ತಾಳೆ ನೋಡಿ, ಇಬ್ಬರೂ ಸಹಿ ಹಾಕಿ ಕೊಡ್ರಿ. ಒಂದು ಆಂಪೂಲ್ ಹೆಚ್ಚುಕಮ್ಮಿ ಆದ್ರೂ ನಿಮ್ಮ ರಿಲೀವಿಂಗ್ ಅಲ್ಲೇ ನಿಂತ್ಕೋತೈತಿ. ಕ್ರ್ಯಾಶ್ ಕಾರ್ಟ್, ಇನ್‌ಫ್ಯೂಷನ್ ಪಂಪಿನ ಪಟ್ಟಿಗೂ ಹಂಗ ಸಹಿ ಇರಲಿ.

ಕೇಳಿದವರು:
ನೋಂದಣಿ ನೋಡಿದ್ನಿ ಅಕ್ಕಾ, ಆಗಸ್ಟ್‌ನಾಗ ಆಗೇತಿ, ಸೇರೋಕ್ಕಿಂತ ಮೊದಲ. ಕಾಲೇಜಿನ ಹೆಸರು ಬರೀಲೇನ್ರಿ? ಸಹಿ ಹಾಕೂದಿಲ್ಲ ಅಂದ್ರ?

ಬೆಳಗಾವಿ, ಎಚ್‌ಆರ್ ವಿಭಾಗ:
ಹೆಸರು ಬೇಡ. ಅಲ್ಲಿ ಸೀಟು ಸಿಗದೆ ಬೇರೆ ಕಡೆ ಸೇರಿದರೆ ಪತ್ರ ಸುಳ್ಳಾಗುತ್ತದೆ. ಸ್ವೀಕೃತಿ ಕೊಡದಿದ್ದರೆ ಅದೇ ದಿನ ಆಸ್ಪತ್ರೆಯ ಅಧಿಕೃತ ಇಮೇಲ್‌ಗೆ ಕಳಿಸಿ, ಜೊತೆಗೆ ಸ್ಪೀಡ್ ಪೋಸ್ಟ್ ಮಾಡಿ. ಅನುಭವ ಪ್ರಮಾಣಪತ್ರ ಕೈಗೆ ಬಂದಾಗ ಅಲ್ಲಿಯೇ ನಿಂತು ಓದಿ: ನೋಂದಣಿಯಲ್ಲಿರುವ ಹಾಗೆಯೇ ಹೆಸರು, ಎರಡೂ ತಾರೀಖು, ಹುದ್ದೆ, ಘಟಕ, ಪೂರ್ಣಾವಧಿ ಎಂಬ ಮಾತು, ಸೀಲು. ಪಿಎಫ್ ಇದ್ದರೆ ಬಿಟ್ಟ ತಾರೀಖನ್ನು ಯುಎಎನ್‌ನಲ್ಲಿ ಅವರು ಹಾಕಬೇಕು. ಹಾಕದಿದ್ದರೆ ಕೊನೆಯ ವಂತಿಗೆ ಜಮಾ ಆಗಿ ಎರಡು ತಿಂಗಳಾದ ಮೇಲೆ ನೀವೇ ಹಾಕಬಹುದು.

ಬಾಗಲಕೋಟೆ, ವಾರ್ಡ್ ಇನ್‌ಚಾರ್ಜ್:
ಹೆಸರಿನ ಮಾತು ನಾ ಒಪ್ಪೂದಿಲ್ರಿ. ಸಣ್ಣ ಆಸ್ಪತ್ರ್ಯಾಗ ಕಾಲೇಜಿನ ಹೆಸರು ಹೇಳದಿದ್ರ, ಬ್ಯಾರೆ ಆಸ್ಪತ್ರೆಗೆ ಹೊಂಟಾಳ ಅಂತ ತಿಳೀತಾರ. ಪತ್ರದಾಗ ಬ್ಯಾಡಂದ್ರ ಬಿಡ್ರಿ, ಕೊಡೂ ಮುಂದ ಸೂಪರಿಂಟೆಂಡೆಂಟ್ ಮುಂದ ಬಾಯಿಲೆ ಹೇಳ್ರಿ. ಮತ್ತ ಸೇರೂ ಮುಂದ ಬಾಂಡ್‌ಗೆ ಸಹಿ ಹಾಕೀರೇನು, ಅದನ್ನ ನೀವು ಹೇಳೇ ಇಲ್ಲ. ಹಾಕಿದ್ರ ಎಷ್ಟು ವರ್ಷದ್ದು, ಎಷ್ಟು ರೊಕ್ಕ, ಅದರ ಪ್ರತಿ ನಿಮ್ಮ ಹತ್ರ ಐತೇನು ಅಂತ ನೋಡಿ ತಿಳಸ್ರಿ. ಅಲ್ಲೀತನಕ ಪತ್ರ ಕೊಡಬ್ಯಾಡ್ರಿ.